ವಾರಂಟಿ ಇದೆ ಅಂತ ಸಪೋರ್ಟ್ ಟೀಮ್ ಸಿಸ್ಟಂ ತಗೊಳ್ತಾ ಇಲ್ಲ, ಏನ್ಮಾಡೋದು?

ಪ್ರಶ್ನೆ: ಸರ್, ನಾನೊಂದು ಬಿಲ್ಲಿಂಗ್ ಸಿಸ್ಟಂ ಪ್ರಾಜೆಕ್ಟಿಗೆ ಲೀಡ್. ಗೋ-ಲೈವ್ ಆಗಿ ಐದು ವಾರ ಆಯ್ತು. ಗೋ-ಲೈವ್ ದಿನದಿಂದ 90 ದಿನ ವಾರಂಟಿ. ಈಗ ಕ್ಲೈಂಟಿನ ಸಪೋರ್ಟ್ ಟೀಮಿಗೆ ಒಪ್ಪಿಸಬೇಕು, ಆದ್ರೆ ಅವ್ರು "ವಾರಂಟಿ ಮುಗಿಯೋವರೆಗೂ ಎಲ್ಲಾ ಟಿಕೆಟ್ ನಿಮ್ದೇ, ಡಾಕ್ಯುಮೆಂಟೂ ಸಾಲ್ದು" ಅಂತಾರೆ. ನಾವು 180 ಪುಟ ಡಾಕ್ಯುಮೆಂಟ್ ಕೊಟ್ಟಿದೀವಿ. ಅವ್ರ ಎಸ್‌ಎಲ್‌ಎನಲ್ಲಿ, ಅಂದ್ರೆ ಸೇವೆಯ ಮಟ್ಟದ ಒಪ್ಪಂದದಲ್ಲಿ, ಅತಿ ತುರ್ತಿನ ಪಿ1 ಟಿಕೆಟ್ ಬಂದ್ರೆ 4 ಗಂಟೇಲಿ ಪರಿಹಾರ, ತಿಂಗಳಿಗೆ 99.9% ಲಭ್ಯತೆ ಅಂತಿದೆ. ನಮ್ಮ ವಾರಂಟಿ ಷರತ್ತಲ್ಲಿ "ಮುಂದಿನ ಕೆಲಸದ ದಿನ ಗಮನಿಸ್ತೀವಿ" ಅಂತಷ್ಟೇ ಇದೆ. ಡೆವಲಪರ್‌ಗಳು ಒಬ್ಬೊಬ್ರಾಗಿ ಬೇರೆ ಪ್ರಾಜೆಕ್ಟಿಗೆ ಹೋಗ್ತಿದಾರೆ, ರಾತ್ರಿ ಫೋನ್ ಮಾತ್ರ ನಂಗೇ ಬರತ್ತೆ. ಯಾರು ಸರಿ? ಹೇಗೆ ಬಿಡಿಸ್ಕೊಳ್ಳೋದು?

ಉತ್ತರ: ಅವ್ರು ಹೇಳ್ತಿರೋ ಎರಡು ಮಾತಲ್ಲಿ ಒಂದು ತಪ್ಪು, ಒಂದು ಬಹುಶಃ ಸರಿ. ವಾರಂಟಿ ಇರೋವರೆಗೂ ಎಲ್ಲಾ ಟಿಕೆಟ್ ನಿಮ್ದೇ ಅನ್ನೋದು ತಪ್ಪು. ಡಾಕ್ಯುಮೆಂಟ್ ಸಾಲ್ದು ಅನ್ನೋದು, 180 ಪುಟ ಅಂತ ನೀವು ಹೇಳಿದ ತಕ್ಷಣ ನಂಗನ್ಸಿದ್ದು, ಸರಿ ಇರ್ಬೋದು ಅಂತ. ನಾನು ಡೆಲಿವರಿ ಕಡೆನೂ ಕೂತಿದೀನಿ, ಸಪೋರ್ಟ್ ಕಡೆನೂ ಕೂತಿದೀನಿ, ಅದಕ್ಕೆ ಇಬ್ಬರ ಸಿಟ್ಟೂ ಅರ್ಥ ಆಗತ್ತೆ. ಆದ್ರೆ ನಿಮ್ಮ ಪತ್ರದಲ್ಲಿ ಇವೆರಡಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ, ಆ 4 ಗಂಟೆಗೂ "ಮುಂದಿನ ಕೆಲಸದ ದಿನ"ಕ್ಕೂ ಮಧ್ಯೆ ಇರೋ ಕಂದಕ. ಸಪೋರ್ಟ್ ಟೀಮ್ ನಿಜವಾಗಿ ಹೆದರ್ತಿರೋದು ಅದಕ್ಕೇ, ಬಾಯಲ್ಲಿ ಹೇಳ್ತಿರೋದು ಮಾತ್ರ ಡಾಕ್ಯುಮೆಂಟ್ ವಿಷಯ.

ಮೊದಲು ವಾರಂಟಿ. ವಾರಂಟಿ ಅಂದ್ರೆ ನೀವು ಒಪ್ಪಿಕೊಂಡ ಅಗತ್ಯಗಳ ಪ್ರಕಾರ ಸಿಸ್ಟಂ ನಡ್ಕೊಳ್ತಿಲ್ಲ ಅಂದ್ರೆ ಅದನ್ನ ಬಿಟ್ಟಿಯಾಗಿ ಸರಿ ಮಾಡಿಕೊಡ್ತೀವಿ ಅನ್ನೋ ಮಾತು, ಅಷ್ಟೇ. ಸಪೋರ್ಟ್ ಅಂದ್ರೆ ಬಳಸೋರು ಕರೆ ಮಾಡಿದಾಗ ಫೋನ್ ಎತ್ತೋದ್ರಿಂದ ಶುರುವಾಗಿ ಸೇವೆ ಮತ್ತೆ ನಡೆಯೋವರೆಗೂ ಇರೋ ಪೂರ್ತಿ ಕೆಲಸ. ಒಂದು ಬರಿ ದೋಷದ ಜವಾಬ್ದಾರಿ, ಇನ್ನೊಂದು ಸೇವೆಯ ಜವಾಬ್ದಾರಿ. ಎರಡೂ ಒಂದೇ ಅವಧೀಲಿ ಒಟ್ಟಿಗೆ ನಡೀಬೋದು, ನಡೀಬೇಕು ಕೂಡ, ಯಾಕಂದ್ರೆ ಸಪೋರ್ಟ್ ಟೀಮ್ ಕೆಲಸ ಕಲಿಯೋದೇ ವಾರಂಟಿ ಇರುವಾಗ. ವಾರಂಟಿ ಮುಗಿದ ಮಾರನೇ ದಿನ ತಗೊಂಡ್ರೆ ಕೇಳೋಕೆ ಯಾರೂ ಇರಲ್ಲ, ಅವ್ರು ಅದನ್ನ ಯೋಚಿಸಿರೋ ಹಾಗೆ ಕಾಣಲ್ಲ.

ಇದನ್ನ ಮೀಟಿಂಗಲ್ಲಿ ಬಾಯ್ಮಾತಲ್ಲಿ ಹೇಳಿದ್ರೆ ಜಗಳ ಆಗತ್ತೆ, ಟಿಕೆಟ್ ಹರಡಿ ತೋರ್ಸಿದ್ರೆ ಆಗಲ್ಲ. ಐದು ವಾರದ ಎಲ್ಲಾ ಟಿಕೆಟ್ ಎಕ್ಸೆಲ್‌ಗೆ ಇಳಿಸ್ಕೊಂಡು, ಸಪೋರ್ಟ್ ಕಡೆಯವರೊಬ್ರು ನೀವೊಬ್ರು ಪಕ್ಕಪಕ್ಕ ಕೂತು ಪ್ರತಿಯೊಂದಕ್ಕೂ ಒಂದು ಹಣೆಪಟ್ಟಿ ಹಚ್ಚಿ. ಉದಾಹರಣೆಗೆ 60 ಟಿಕೆಟ್ ಇದೆ ಅಂತಿಟ್ಕೊಳ್ಳಿ. ಅದ್ರಲ್ಲಿ 22 ಆಕ್ಸೆಸ್ ಇಲ್ಲ, ಪಾಸ್‌ವರ್ಡ್ ಮರೆತೋಯ್ತು, ಈ ರಿಪೋರ್ಟ್ ಎಲ್ಲಿದೆ ಅನ್ನೋ ತರದ್ದು. 11 ಬೇರೆ ಸಿಸ್ಟಮ್ಮಿಂದ ಬರೋ ಫೈಲ್ ತಡ ಆಗಿದ್ದೋ ಅದ್ರೊಳಗಿನ ಡೇಟಾ ಕೆಟ್ಟಿದ್ದೋ. 8 ಸರ್ವರ್, ನೆಟ್‌ವರ್ಕ್, ಡಿಸ್ಕ್ ತುಂಬಿದ್ದು. 5 "ಇದು ಹೀಗಿದ್ರೆ ಚೆನ್ನಾಗಿರ್ತಿತ್ತು" ಅನ್ನೋ ಹೊಸ ಬೇಡಿಕೆ. ಉಳಿದ 14 ಮಾತ್ರ ನಿಜವಾದ ದೋಷ. ನಿಮ್ಮ ಅಂಕಿ ಬೇರೆ ಬರತ್ತೆ, ಆದ್ರೆ ದೋಷ ಅಲ್ಲದ ಟಿಕೆಟ್ಟೇ ಜಾಸ್ತಿ ಇದೆ ಅಂತ ಇಬ್ಬರೂ ಒಂದೇ ಹಾಳೆ ಮೇಲೆ ನೋಡಿದಾಗ ವಾದದ ಬಿಸಿ ಅರ್ಧ ಇಳಿಯತ್ತೆ. ಒಂದುವೇಳೆ ದೋಷಗಳೇ ಜಾಸ್ತಿ ಬಂದ್ರೆ, ಸಪೋರ್ಟ್ ಟೀಮ್ ಹೇಳಿದ್ದೇ ಸರಿ ಅಂತ ಒಪ್ಪಿ ಮೊದಲು ಸಿಸ್ಟಂ ಸ್ಥಿರ ಮಾಡಿ. ಅಂಥದ್ದನ್ನ ಯಾರೂ ತಗೋಬಾರ್ದು.

ಕೆಲವು ಟಿಕೆಟ್ ಎಲ್ಲೂ ಸೇರಲ್ಲ. ಒಂದು ಬಿಲ್ಲಲ್ಲಿ ಹತ್ತು ಸಾಲು ಇದೆ, ಪ್ರತಿ ಸಾಲಿಗೂ ರಿಯಾಯಿತಿ ಲೆಕ್ಕ ಹಾಕಿ ರೌಂಡ್ ಮಾಡಿ ಆಮೇಲೆ ಕೂಡಿದ್ರೆ ಒಂದು ಮೊತ್ತ, ಕೂಡಿ ಆಮೇಲೆ ರೌಂಡ್ ಮಾಡಿದ್ರೆ ದಶಾಂಶದ ಕೊನೇ ಅಂಕಿ ಬೇರೆ. ಅಗತ್ಯಗಳ ಪತ್ರದಲ್ಲಿ ಯಾವ ರೀತಿ ಅಂತ ಬರ್ದೇ ಇಲ್ಲ. ಇದು ದೋಷನೋ ಹೊಸ ಬೇಡಿಕೆನೋ? ಇಬ್ಬರೂ ರಾತ್ರಿಯಿಡೀ ವಾದ ಮಾಡ್ಬೋದು. ನಾನು ಹೇಳೋದಿಷ್ಟು, ಸೇವೆ ನಿಂತಿದ್ರೆ ಮೊದಲು ಸರಿ ಮಾಡಿ, ಹಣೆಪಟ್ಟಿ ಆಮೇಲೆ. ವಿವಾದದ ಟಿಕೆಟ್ಟೆಲ್ಲ ವಾರಕ್ಕೊಂದು ಅರ್ಧ ಗಂಟೆ ಮೀಟಿಂಗಲ್ಲಿ ಇಬ್ಬರೂ ಕೂತು ತೀರ್ಮಾನ ಮಾಡಿ, ಅಲ್ಲೂ ಬಗೆಹರೀದೇ ಇದ್ರೆ ಯಾರ ಹತ್ರ ಹೋಗ್ಬೇಕು ಅಂತ ಒಬ್ಬರ ಹೆಸರು ಮೊದಲೇ ಬರ್ದಿಟ್ಟಿರಿ. ಗಡಿಯಾರ ಓಡ್ತಿರುವಾಗ ಇದು ನಿಮ್ದು ನಮ್ದು ಅಂತ ಎಳದಾಡೋದೇ ಎಸ್‌ಎಲ್‌ಎ ತಪ್ಪೋಕೆ ದೊಡ್ಡ ಕಾರಣ, ಕೋಡ್ ಅಲ್ಲ.

ಈಗ ಆ 4 ಗಂಟೆ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ ಯಾಕಂದ್ರೆ ಬಹಳ ಜನ ಇಲ್ಲೇ ಎಡವ್ತಾರೆ. 4 ಗಂಟೆ ಅಂದ್ರೆ 240 ನಿಮಿಷ. ರಾತ್ರಿ ಎಲ್ಲರ ಬಿಲ್ ಒಟ್ಟಿಗೆ ತಯಾರಿಸೋ ಬ್ಯಾಚ್ ನಿಂತೋಯ್ತು ಅಂತಿಟ್ಕೊಳ್ಳಿ. ಮೊದಲ ಹಂತದವರು, ಅಂದ್ರೆ ಎಲ್1, ಅಲರ್ಟ್ ನೋಡಿ ಟಿಕೆಟ್ ತೆಗೆದು ಇದು ಪಿ1 ಅಂತ ಗುರುತು ಹಾಕೋಕೆ 20 ನಿಮಿಷ. ಎರಡನೇ ಹಂತದ ಎಲ್2 ರನ್‌ಬುಕ್, ಅಂದ್ರೆ ತೊಂದರೆ ಬಂದಾಗ ಏನೇನು ಮಾಡ್ಬೇಕು ಅನ್ನೋ ಹೆಜ್ಜೆಗಳ ಪಟ್ಟಿ, ತೆಗೆದು ಲಾಗ್ ನೋಡಿ ತಮ್ಮ ಕೈಲಾದ್ದು ಮಾಡೋಕೆ 60. ಅವ್ರ ಕೈಲಾಗ್ಲಿಲ್ಲ, ನಿಮ್ಮ ಡೆವಲಪರನ್ನ ಎಬ್ಬಿಸಿ ಲಾಗಿನ್ ಮಾಡಿಸಿ ಆಗಿದ್ದೇನು ಅಂತ ವಿವರಿಸೋಕೆ 30. ಡೆವಲಪರ್ ಕಾರಣ ಹುಡುಕಿ ದಾರಿ ಕಂಡ್ಕೊಳ್ಳೋಕೆ 90. ಅದನ್ನ ಪ್ರೊಡಕ್ಷನ್ನಿಗೆ ಹಾಕಿ ಬಿಲ್ ನಿಜವಾಗ್ಲೂ ಬರ್ತಿದೆಯಾ ನೋಡೋಕೆ 40. ಒಟ್ಟು 240, ಒಂದು ನಿಮಿಷ ಉಳಿಯಲ್ಲ. ಇದು ಎಲ್ಲಾ ಸರಿಯಾಗಿ ನಡೆದ್ರೆ. ಈಗ ಈ ಲೆಕ್ಕದೊಳಗೆ ನಿಮ್ಮ "ಮುಂದಿನ ಕೆಲಸದ ದಿನ ಗಮನಿಸ್ತೀವಿ" ತಂದು ಕೂರಿಸಿ ನೋಡಿ. ಶುಕ್ರವಾರ ರಾತ್ರಿ ಬ್ಯಾಚ್ ನಿಂತ್ರೆ ನೀವು ಸೋಮವಾರ ಗಮನಿಸಿದ್ರೂ ಒಪ್ಪಂದ ಮುರಿದಂಗಾಗಲ್ಲ, ಆದ್ರೆ ಶನಿವಾರ ಬೆಳಿಗ್ಗೆನೇ ಸಪೋರ್ಟ್ ಟೀಮಿನ ಎಸ್‌ಎಲ್‌ಎ ಮುರಿದಿರತ್ತೆ. ದಂಡ ಅವರಿಗೆ, ಕೀಲಿ ನಿಮ್ಮ ಹತ್ರ. ಇಂಥಾ ವ್ಯವಸ್ಥೆಗೆ ಬುದ್ಧಿ ಇರೋ ಯಾವ ಸಪೋರ್ಟ್ ಮ್ಯಾನೇಜರೂ ಸಹಿ ಹಾಕಲ್ಲ.

ಇದಕ್ಕೆ ಎರಡು ಕೆಲಸ ಆಗ್ಬೇಕು. ಒಂದು, ನಿಮ್ಮ ಎರಡು ಟೀಮಿನ ಮಧ್ಯೆ ಒಂದು ಓಎಲ್‌ಎ, ಅಂದ್ರೆ ಒಳಗೊಳಗಿನ ಕೆಲಸದ ಒಪ್ಪಂದ. ಎರಡು ಪುಟ ಸಾಕು. ಪಿ1 ಬಂದ್ರೆ ನಿಮ್ಮ ಕಡೆಯವರು 30 ನಿಮಿಷದೊಳಗೆ ಲೈನಿಗೆ ಬರ್ತಾರೆ, ವಾರಾಂತ್ಯ ರಾತ್ರಿ ಸೇರಿ, ಪಿ2ಗೆ ಕೆಲಸದ ವೇಳೇಲಿ ಮಾತ್ರ, ಕರೆ ಮಾಡೋ ನಂಬರ್ ಒಂದೇ, ಅದರ ಹಿಂದೆ ಸರದಿ ಪಟ್ಟಿ ಇರತ್ತೆ, ನಿಮ್ಮ ಒಬ್ಬರ ಮೊಬೈಲ್ ಅಲ್ಲ. ಹಾಗೇ ಅವರ ಕಡೆಯಿಂದಲೂ ಒಂದು ಮಾತು ಬೇಕು, ಎಲ್2 ರನ್‌ಬುಕ್ಕಿನ ಹೆಜ್ಜೆ ಮುಗಿಸಿ ಲಾಗ್ ಅಂಟಿಸಿದ ಮೇಲೇ ಕರೆ ಮಾಡ್ತೀವಿ ಅಂತ. ಈ ಷರತ್ತು ಇಲ್ದಿದ್ರೆ ಎಲ್1 ಅಲರ್ಟ್ ನೋಡಿದ ಮೊದಲ ನಿಮಿಷಕ್ಕೇ ನಿಮಗೆ ಫೋನ್ ತಿರುಗಿಸ್ತಾರೆ, ಈಗ ಆಗ್ತಿರೋದೂ ಅದೇ.

ಇನ್ನೊಂದು, "ಪರಿಹಾರ" ಅನ್ನೋದಕ್ಕೆ ಅರ್ಥ ಬರ್ಕೊಳ್ಳಿ. ಸೇವೆ ಮತ್ತೆ ನಡೀತಾ ಇದೆ ಅನ್ನೋದು ಒಂದು, ಮೂಲ ಕಾರಣ ಕಿತ್ತು ಹಾಕಿದೀವಿ ಅನ್ನೋದು ಇನ್ನೊಂದು. 4 ಗಂಟೆ ಗಡಿಯಾರ ಮೊದಲನೇದಕ್ಕೆ ಮಾತ್ರ. ಹಿಂದಿನ ರಿಲೀಸಿಗೆ ವಾಪಸ್ ಹೋಗಿದ್ದೋ, ಕೆಟ್ಟ ದಾಖಲೆ ಪಕ್ಕಕ್ಕಿಟ್ಟು ಬ್ಯಾಚ್ ಮುಂದುವರೆಸಿದ್ದೋ ಏನಾದ್ರೂ ಆಗ್ಲಿ, ಬಿಲ್ ಹೊರಗೆ ಬಂತಾ, ಗಡಿಯಾರ ನಿಲ್ಲತ್ತೆ. ಮೂಲ ಕಾರಣಕ್ಕೆ ಪ್ರಾಬ್ಲಂ ಟಿಕೆಟ್ ಅಂತ ಬೇರೆ ತೆಗೆದು ಅದಕ್ಕೆ 10 ಕೆಲಸದ ದಿನ ಅಂತ ಬೇರೆ ಗಡುವು ಇಟ್ಕೊಳ್ಳಿ. ಹೀಗೆ ಬೇರ್ಪಡಿಸದೇ ಇದ್ರೆ ನಿಮ್ಮ ಡೆವಲಪರ್ ರಾತ್ರಿ ಎರಡು ಗಂಟೇಲಿ ನಿದ್ದೆಗಣ್ಣಲ್ಲಿ ಕೋಡ್ ತಿದ್ದಿ ಟೆಸ್ಟ್ ಮಾಡ್ದೇ ಪ್ರೊಡಕ್ಷನ್ನಿಗೆ ಹಾಕ್ತಾರೆ, ಮುಂದಿನ ವಾರದ ಪಿ1 ಅಲ್ಲೇ ಹುಟ್ಟತ್ತೆ.

ಇನ್ನು ಆ 99.9%. ಇದನ್ನ ಯಾರೋ ಹಳೇ ಟೆಂಪ್ಲೇಟಿಂದ ಎತ್ತಿ ಅಂಟಿಸಿರೋ ಹಾಗಿದೆ. 30 ದಿನದ ತಿಂಗಳಲ್ಲಿ 43,200 ನಿಮಿಷ, ಅದರ ಸಾವಿರದಲ್ಲೊಂದು ಭಾಗ ಅಂದ್ರೆ ಹತ್ತಿರಹತ್ತಿರ 43 ನಿಮಿಷ ಮಾತ್ರ ಸಿಸ್ಟಂ ನಿಲ್ಲಬಹುದು. ಒಂದೇ ಒಂದು ಪಿ1 ಬಂದು ಸಪೋರ್ಟ್ ಟೀಮ್ ಅದನ್ನ ಸರಿಯಾಗಿ 4 ಗಂಟೆಗೆ ಪರಿಹರಿಸಿದ್ರು ಅನ್ಕೊಳ್ಳಿ, ಪಿ1 ಗುರಿ ಪಾಸ್, ಆದ್ರೆ ಆ ತಿಂಗಳ ಲಭ್ಯತೆ 99.44%, ಫೇಲ್. ಮೂರು ತಿಂಗಳಿಗೊಮ್ಮೆ ಅಳೆದ್ರೂ ಸಿಗೋದು 130 ನಿಮಿಷದ ಒಳಗೆ, ಸಾಲಲ್ಲ. ಒಂದೇ ಕಾಗದದಲ್ಲಿರೋ ಎರಡು ಗುರಿ ಒಂದಕ್ಕೊಂದು ಹೊಂದಲ್ಲ ಅನ್ನೋದನ್ನ ಸಪೋರ್ಟ್ ಮ್ಯಾನೇಜರ್ ಮುಂದೆ ಇಟ್ಟು ನೋಡಿ, ಅವರು ನಿಮ್ಮ ಕಡೆ ತಿರುಗ್ತಾರೆ, ಯಾಕಂದ್ರೆ ಇದು ಅವರ ಕುತ್ತಿಗೆಗೆ ಬರೋ ವಿಷಯ. ಜೊತೆಗೆ ಎಲ್ಲಿ ಅಳೀತಾರೆ ಅಂತಲೂ ಕೇಳಿ. ಲಾಗಿನ್ ಪುಟಕ್ಕೆ ಐದು ನಿಮಿಷಕ್ಕೊಮ್ಮೆ ಪಿಂಗ್ ಮಾಡಿ "ಸಿಸ್ಟಂ ಇದೆ" ಅಂತ ಹಸಿರು ತೋರಿಸೋ ಡ್ಯಾಶ್‌ಬೋರ್ಡ್ ನೋಡಿದೀನಿ, ಒಳಗೆ ಆರು ಗಂಟೆಯಿಂದ ಒಂದು ಬಿಲ್ಲೂ ಬಂದಿರ್ಲಿಲ್ಲ. ಬಿಲ್ಲಿಂಗಿಗೆ "ಬೆಳಿಗ್ಗೆ 6ರೊಳಗೆ ರಾತ್ರಿಯ ಬ್ಯಾಚ್ ಮುಗಿದಿರ್ಬೇಕು" ಅನ್ನೋ ಗುರಿ ಶೇಕಡಾವಾರಿಗಿಂತ ಎಷ್ಟೋ ಉಪಯೋಗ. ಹೊಸ ಸಿಸ್ಟಮ್ಮಿಗೆ ಮೊದಲ ಎರಡು ತಿಂಗಳು ಗುರಿಗಳನ್ನ ಬರೀ ಅಳೆಯಿರಿ, ದಂಡ ಬೇಡ, ಬಂದ ಅಂಕಿ ನೋಡಿ ಆಮೇಲೆ ಗಟ್ಟಿ ಮಾಡಿ ಅಂತ ಕೇಳೋದ್ರಲ್ಲಿ ತಪ್ಪಿಲ್ಲ.

ಈಗ ನಿಮ್ಮ 180 ಪುಟ. ನಾನು ನೋಡಿಲ್ಲ, ಆದ್ರೆ ಊಹಿಸ್ತೀನಿ. ಆರ್ಕಿಟೆಕ್ಚರ್ ಚಿತ್ರ, ಡೇಟಾಬೇಸ್ ಟೇಬಲ್‌ಗಳ ಪಟ್ಟಿ, ಸ್ಕ್ರೀನ್‌ಶಾಟ್ ಇರೋ ಯೂಸರ್ ಮ್ಯಾನುಯಲ್, ಎಪಿಐ ವಿವರ. ಇದೆಲ್ಲ ಬೇಕು. ಆದ್ರೆ ಮನೆ ನಕ್ಷೆ ಕೈಲಿದ್ದ ಮಾತ್ರಕ್ಕೆ ಪೈಪ್ ಒಡೆದಾಗ ಯಾವ ವಾಲ್ವ್ ಮುಚ್ಚಬೇಕು ಅಂತ ಗೊತ್ತಾಗಲ್ಲ. ಎಲ್2ನಲ್ಲಿ ಕೂತಿರೋರಿಗೆ ಬೇಕಾದ್ದು ಅಲರ್ಟಿಗೊಂದು ಪುಟ: ಈ ಅಲರ್ಟ್ ಬಂದ್ರೆ ಏನರ್ಥ, ಏನು ನೋಡ್ಬೇಕು, ಏನು ಮಾಡ್ಬೋದು, ಏನು ಮಾಡಲೇಬಾರ್ದು, ಎಷ್ಟು ಹೊತ್ತಿಗೆ ಕೈಬಿಟ್ಟು ಮುಂದಿನವರನ್ನ ಕರೀಬೇಕು.

ಬಿಲ್ ಬ್ಯಾಚ್ ನಿಂತೋಯ್ತು ಅನ್ನೋ ಅಲರ್ಟಿಗೆ ಪುಟ ಹೀಗಿರ್ಬೋದು. ಮೊದಲ ಸಾಲು: ರಾತ್ರಿ 1ಕ್ಕೆ ಶುರುವಾಗಿ ಸಾಮಾನ್ಯವಾಗಿ 3ರೊಳಗೆ ಮುಗಿಯತ್ತೆ, 4 ಆದ್ರೂ ಮುಗೀದಿದ್ರೆ ಈ ಅಲರ್ಟ್. ಆಮೇಲೆ ನೋಡ್ಬೇಕಾದ್ದು:

```
systemctl status bill-batch
journalctl -u bill-batch --since "4 hours ago" | tail -50
SELECT status, count(*) FROM bill_run
 WHERE run_date = CURRENT_DATE GROUP BY status;
```

ಮೊದಲ ಎರಡು ಸಾಲು ಸರ್ವರ್ ಮೇಲೆ, ಉಳಿದದ್ದು ಡೇಟಾಬೇಸಲ್ಲಿ. ಇಲ್ಲೀವರೆಗೂ ಯಾವ ಡೆವಲಪರಾದ್ರೂ ಬರೀತಾರೆ. ಬರೆಯೋಕೆ ಮರೆಯೋದು ಮುಂದಿನ ಸಾಲು, ಅದೇ ಎಲ್ಲಕ್ಕಿಂತ ಮುಖ್ಯ: ಈ ಬ್ಯಾಚನ್ನ ಮತ್ತೆ ಓಡಿಸ್ಬೋದಾ? ಅರ್ಧಕ್ಕೆ ನಿಂತಾಗ 10,000 ಗ್ರಾಹಕರಲ್ಲಿ 6,200 ಜನರ ಬಿಲ್ ಆಗಿದೆ ಅನ್ಕೊಳ್ಳಿ. ಪ್ರೋಗ್ರಾಂ ಆಗಿರೋರನ್ನ ಬಿಟ್ಟು ಉಳಿದ 3,800 ಜನರಿಂದ ಶುರು ಮಾಡತ್ತೆ ಅಂದ್ರೆ ಎಲ್2 ಧೈರ್ಯವಾಗಿ ರೀಸ್ಟಾರ್ಟ್ ಮಾಡ್ಬೋದು, ಸುಮಾರು ಮುಕ್ಕಾಲು ಗಂಟೆಯ ಕೆಲಸ. ಮೊದಲಿಂದ ಶುರು ಮಾಡತ್ತೆ ಅಂದ್ರೆ 6,200 ಜನಕ್ಕೆ ಎರಡೆರಡು ಬಿಲ್ ಹೋಗತ್ತೆ, ಮೆಸೇಜೂ ಹೋಗಿರತ್ತೆ, ಅದನ್ನ ವಾಪಸ್ ತಗೊಳ್ಳೋಕೆ ವಾರ ಬೇಕು. ಈ ಒಂದು ಸಾಲು ರನ್‌ಬುಕ್ಕಲ್ಲಿ ಇಲ್ಲ ಅಂದ್ರೆ ಎಲ್2 ಹೆದರಿ ಏನೂ ಮುಟ್ಟಲ್ಲ, ನಿಮಗೇ ಫೋನ್. ಅಥವಾ ಹೆದರದೇ ಮುಟ್ತಾರೆ, ಅದು ಇನ್ನೂ ಕೆಟ್ಟದ್ದು. ನಿಮ್ಮ ಪ್ರತಿ ಬ್ಯಾಚಿಗೂ ಈ ಪ್ರಶ್ನೆ ಕೇಳ್ಕೊಳ್ಳಿ, ಉತ್ತರ ಡೆವಲಪರಿಗೇ ಗೊತ್ತಿಲ್ಲ ಅಂತಾದ್ರೆ ಅದು ವಾರಂಟಿ ಒಳಗೇ ಸರಿ ಮಾಡ್ಬೇಕಾದ ಕೆಲಸ ಅನ್ಕೊಳ್ಳಿ.

ಯಾವ ಪುಟದಲ್ಲೂ ಇರದ, ಆದ್ರೆ ಆರು ತಿಂಗಳಾದ್ಮೇಲೆ ಕಚ್ಚೋ ಒಂದು ವಿಷಯ ಇದೆ, ಯಾವ ಕೆಲಸ ಯಾರ ಅಕೌಂಟಲ್ಲಿ ಓಡ್ತಿದೆ ಅನ್ನೋದು. ಗೋ-ಲೈವ್ ಗಡಿಬಿಡೀಲಿ ಯಾರೋ ಡೆವಲಪರ್ ತನ್ನ ಸ್ವಂತ ಐಡಿನಲ್ಲೇ ಫೈಲ್ ಕಳ್ಸೋ ಜಾಬ್ ಹಾಕಿರ್ತಾರೆ. ಅವರು ಪ್ರಾಜೆಕ್ಟ್ ಬಿಟ್ಟಾಗ ಐಡಿ ಮುಚ್ತಾರೆ, ಅದೇ ರಾತ್ರಿ ಜಾಬ್ ನಿಲ್ಲತ್ತೆ, ಲಾಗಲ್ಲಿ ಬರೀ ಪರ್ಮಿಷನ್ ಇಲ್ಲ ಅಂತ ಬರತ್ತೆ, ಯಾರಿಗೂ ತಲೆಬುಡ ಗೊತ್ತಾಗಲ್ಲ. ನಿಮ್ಮೋರು ಈಗಾಗ್ಲೇ ಒಬ್ಬೊಬ್ರಾಗಿ ಹೋಗ್ತಿದಾರೆ ಅಂದ್ರಲ್ಲ, ಈ ವಾರನೇ ಹುಡುಕಿ. ಸರ್ಟಿಫಿಕೇಟ್ ಯಾವ ದಿನ ಮುಗಿಯತ್ತೆ, ಲೈಸೆನ್ಸ್ ಯಾರ ಹೆಸರಲ್ಲಿದೆ, ನವೀಕರಣದ ಮೇಲ್ ಯಾರ ಇನ್‌ಬಾಕ್ಸಿಗೆ ಹೋಗತ್ತೆ ಅನ್ನೋದೂ ಅದೇ ಪಟ್ಟೀಲಿ ಬರ್ಲಿ.

ಡಾಕ್ಯುಮೆಂಟ್ ಸಾಕಾ ಸಾಲ್ದಾ ಅನ್ನೋದನ್ನ ಪುಟ ಎಣಿಸಿ ಹೇಳೋಕಾಗಲ್ಲ, ಓದಿ ಸಹಿ ಹಾಕಿಸ್ಕೊಂಡೂ ಆಗಲ್ಲ, ಯಾರೂ ಓದಲ್ಲ. ಇರೋದು ಒಂದೇ ದಾರಿ, ಮಾಡಿಸಿ ನೋಡೋದು. ಮೊದಲ ಎರಡು ವಾರ ಸಪೋರ್ಟಿನವರು ನಿಮ್ಮವರ ಪಕ್ಕ ಕೂತು ನೋಡ್ಲಿ, ಅದು ಶ್ಯಾಡೋ. ಆಮೇಲೆ ಜಾಗ ಬದಲಾಗ್ಲಿ, ರಿವರ್ಸ್ ಶ್ಯಾಡೋ: ಕೀಬೋರ್ಡ್ ಅವರ ಕೈಲಿ, ನಿಮ್ಮ ಡೆವಲಪರ್ ಪಕ್ಕದಲ್ಲಿ ಬಾಯಿ ಮುಚ್ಕೊಂಡು. ಬಾಯಿ ಮುಚ್ಕೊಂಡಿರೋದು ಡೆವಲಪರಿಗೆ ಭಾರಿ ಕಷ್ಟ, ಐದು ನಿಮಿಷಕ್ಕೆ ಕೈ ಹಾಕೋಕೆ ಬರ್ತಾರೆ, ಬಿಡ್ಬೇಡಿ. ಸಪೋರ್ಟಿನವರು ರನ್‌ಬುಕ್ ಬಿಟ್ಟು ತಲೆ ಎತ್ತಿ ಪ್ರಶ್ನೆ ಕೇಳಿದ ಪ್ರತಿ ಜಾಗವೂ ಡಾಕ್ಯುಮೆಂಟಿನ ತೂತು, ಅಲ್ಲೇ ಬರ್ಕೊಂಡು ಅವತ್ತೇ ತುಂಬಿ. ಕನಿಷ್ಠ ಮೂರು ಕಸರತ್ತು ಮಾಡಿಸಿ, ಟೆಸ್ಟ್ ಸರ್ವರ್ ಮೇಲೆ: ಬ್ಯಾಚನ್ನ ಅರ್ಧಕ್ಕೆ ಕೊಂದು ಮತ್ತೆ ಎಬ್ಬಿಸೋದು, ನಿನ್ನೆಯ ಬ್ಯಾಕಪ್ಪಿಂದ ಡೇಟಾಬೇಸ್ ಮರಳಿ ತರೋದು, ಹಿಂದಿನ ರಿಲೀಸಿಗೆ ವಾಪಸ್ ಹೋಗೋದು. ಪ್ರತಿಯೊಂದಕ್ಕೂ ಎಷ್ಟು ಹೊತ್ತಾಯ್ತು ಅಂತ ಬರೆದಿಡಿ. ಬ್ಯಾಕಪ್ ಮರಳಿ ತರೋಕೆ 5 ಗಂಟೆ ಹಿಡೀತು ಅಂದ್ರೆ 4 ಗಂಟೆಯ ಎಸ್‌ಎಲ್‌ಎ ಆ ಸಂದರ್ಭಕ್ಕೆ ಸುಳ್ಳು ಅಂತ ಈಗ್ಲೇ ಗೊತ್ತಾಯ್ತಲ್ಲ, ಅದೂ ಲಾಭನೇ.

ವಾರಂಟಿಯ ದಿನಾಂಕದ ಬಗ್ಗೆ ಒಂದು ಮಾತು. ಗೋ-ಲೈವ್ ದಿನದಿಂದ 90 ಅಂದ್ರೆ 35 ಹೋಯ್ತು, 55 ಉಳಿದಿದೆ. ಸಪೋರ್ಟ್ ಟೀಮ್ ಇನ್ನೊಂದು ಕಾರಣಕ್ಕೂ ಕೊಸರಾಡ್ತಿರ್ಬೋದು: ವರ್ಷದ ಕೊನೆಯ ಲೆಕ್ಕ, ದರ ಬದಲಾವಣೆ, ಹಳೇ ಡೇಟಾ ಆರ್ಕೈವ್ ಮಾಡೋದು ಇವೆಲ್ಲ ಈ 90 ದಿನದಲ್ಲಿ ಒಂದು ಸಲವೂ ಓಡಿರಲ್ಲ. ಕ್ಯಾಲೆಂಡರ್ ಪ್ರಕಾರ ವಾರಂಟಿ ಮುಗೀತು, ಆದ್ರೆ ಅರ್ಧ ಸಿಸ್ಟಂ ಇನ್ನೂ ಎದ್ದೇ ಇಲ್ಲ. ಅವರು ಇದಕ್ಕೇ ಇಡೀ ವಾರಂಟಿ ಆರು ತಿಂಗಳು ಮಾಡಿ ಅಂತ ಕೇಳಿದ್ರೆ ಒಪ್ಬೇಡಿ, ನಿಮ್ಮ ಜನ ಅಷ್ಟೂ ದಿನ ಸಿಕ್ಕಿಹಾಕ್ಕೊಳ್ತಾರೆ. ಅದರ ಬದಲು 90 ದಿನ ಹಾಗೇ ಇರ್ಲಿ, ಇನ್ನೂ ಓಡದ ನಾಲ್ಕೈದು ಜಾಬ್‌ಗಳ ಹೆಸರು ಬರೆದು "ಇವು ಮೊದಲ ಸಲ ಓಡಿ 10 ದಿನದವರೆಗೆ, ಇವುಗಳಿಗೆ ಮಾತ್ರ" ಅಂತ ಬಾಲ ಸೇರಿಸಿ. ಒಂದು ಹೊರಗಡಿಯನ್ನೂ ಹಾಕಿ, ಇಂಥಾ ದಿನಾಂಕ ದಾಟಿದ್ರೆ ಓಡಿರ್ಲಿ ಬಿಡ್ಲಿ ಮುಗೀತು ಅಂತ, ಇಲ್ದಿದ್ರೆ ಯಾರೂ ಓಡಿಸದ ಜಾಬಿಗೆ ನೀವು ಕೊನೆ ಇಲ್ದೇ ಕಟ್ಟುಬಿದ್ದಿರ್ತೀರ. ಹಾಗೇ 89ನೇ ದಿನ ದಾಖಲಾದ ದೋಷ 95ನೇ ದಿನ ಸರಿ ಆದ್ರೂ ವಾರಂಟಿ ಒಳಗೇ, ಲೆಕ್ಕ ಟಿಕೆಟ್ ತೆಗೆದ ದಿನದ್ದು, ಇದನ್ನೂ ಬರೆದಿಡಿ. ಇನ್ನು ಸಪೋರ್ಟ್ ಟೀಮ್ ಕೋಡ್ ಮುಟ್ಟಿದ್ರೆ ವಾರಂಟಿ ಹೋಯ್ತು ಅಂತ ಕೆಲವರು ಹೆದರಿಸ್ತಾರೆ. ಅಷ್ಟು ಬಿಗಿ ಮಾಡಿದ್ರೆ ಅವರು ಕಲಿಯೋದೇ ಇಲ್ಲ. ಕಾನ್ಫಿಗರೇಷನ್ ಅವರು ಬದಲಾಯಿಸ್ಲಿ, ಕೋಡ್ ಬದಲಾವಣೆ ನಿಮ್ಮದೇ ರೆಪಾಸಿಟರೀಲಿ ನಿಮ್ಮವರ ರಿವ್ಯೂ ಆದ್ಮೇಲೆ, ಅಷ್ಟಿದ್ರೆ ವಾರಂಟಿ ಉಳಿಯತ್ತೆ.

ಹಾಗಾದ್ರೆ ನಿಮ್ಮ ಮುಂದಿರೋ ದಾರಿಗಳು. ಒಪ್ಪಂದ ತೋರ್ಸಿ ಮೇಲಿನವರಿಂದ ಒತ್ತಡ ಹಾಕ್ಸಿ ಮುಂದಿನ ವಾರನೇ ಕೈಬಿಡ್ಬೋದು. ಕಾಗದದ ಮೇಲೆ ಗೆಲ್ತೀರ, ಆದ್ರೆ ಏನೂ ಗೊತ್ತಿಲ್ಲದ ಟೀಮ್ ಸಿಕ್ಕಿದ್ದಕ್ಕೆಲ್ಲ ದೋಷ ಅಂತ ಹಣೆಪಟ್ಟಿ ಹಚ್ಚಿ ವಾಪಸ್ ಕಳ್ಸತ್ತೆ, ಫೋನ್ ನಿಲ್ಲಲ್ಲ. ಇನ್ನೊಂದು, ಅವರು ಹೇಳ್ದಂಗೆ 90 ದಿನವೂ ನೀವೇ ನೋಡ್ಕೊಳ್ಳೋದು. ಈಗ ನೆಮ್ಮದಿ ಅನ್ಸತ್ತೆ, 91ನೇ ದಿನ ಅದೇ ಟೀಮ್ ಅದೇ ಮಾತು ಹೇಳತ್ತೆ, ಆಗ ನಿಮ್ಮ ಹತ್ರ ಕಲಿಸೋಕೆ ಡೆವಲಪರೇ ಇರಲ್ಲ, ಇದು ಮೊದಲನೇದಕ್ಕಿಂತ ಅಪಾಯ ಅಂತ ನನ್ನ ಅಭಿಪ್ರಾಯ. ನಾನಾದ್ರೆ ಹಂತಹಂತವಾಗಿ ಬಿಡ್ತೀನಿ. ಎಲ್1 ಈ ವಾರನೇ ಅವರಿಗೆ, ಅದಕ್ಕೆ ಡಾಕ್ಯುಮೆಂಟ್ ನೆಪ ನಡೆಯಲ್ಲ, ಆಕ್ಸೆಸ್ ಪಾಸ್‌ವರ್ಡ್ ಅಲ್ವಾ. 42ನೇ ದಿನದೊಳಗೆ ಟಿಕೆಟ್ ವಿಂಗಡಣೆ, ಓಎಲ್‌ಎ ಮತ್ತೆ ಅತಿ ಹೆಚ್ಚು ಬರೋ ಹತ್ತು ಅಲರ್ಟಿನ ರನ್‌ಬುಕ್. 56ರವರೆಗೆ ಶ್ಯಾಡೋ, 70ರವರೆಗೆ ರಿವರ್ಸ್ ಶ್ಯಾಡೋ ಮತ್ತೆ ಮೂರು ಕಸರತ್ತು. 71ರಿಂದ ಎಲ್2 ಪೂರ್ತಿ ಅವರದ್ದು, ನೀವು ಎಲ್3, ಅಂದ್ರೆ ಕೋಡಿನ ದೋಷಕ್ಕೆ ಮಾತ್ರ. ಕೊನೇ 20 ದಿನ ಅವರು ಓಡಿಸ್ತಾರೆ ನೀವು ಹಿಂದಿರ್ತೀರ, ಅಷ್ಟರಲ್ಲಿ ಒಂದು ತಿಂಗಳ ಕೊನೆಯ ಬಿಲ್ಲಿಂಗಾದ್ರೂ ಬರೋ ಹಾಗೆ ದಿನಾಂಕ ಹೊಂದಿಸ್ಕೊಳ್ಳಿ. ಇದರ ಅಪಾಯ ಏನಂದ್ರೆ ಮಧ್ಯದ ದಿನಗಳಲ್ಲಿ ಯಾರು ಎಲ್ಲಿ ನಿಂತಿದಾರೆ ಅಂತ ಗೊಂದಲ ಆಗತ್ತೆ, ಅದಕ್ಕೇ ಪ್ರತಿ ಹಂತದ ದಿನಾಂಕ ಮೊದಲೇ ಬರೆದು ಸರ್ವೀಸ್ ಡೆಸ್ಕಿನ ಗೋಡೆಗೂ ಅಂಟಿಸಿ. ಇನ್ನೊಂದು, ನಿಮ್ಮ ಜನ. ಬ್ಯಾಚ್ ಬರೆದೋರು ಮತ್ತೆ ಇಂಟರ್‌ಫೇಸ್ ಬರೆದೋರು, ಈ ಇಬ್ಬರನ್ನ 70ನೇ ದಿನದವರೆಗೆ ಅರ್ಧ ಸಮಯವಾದ್ರೂ ಹಿಡಿದಿಡಿ. ಸ್ಕ್ರೀನ್ ಮಾಡಿದೋರು ಹೋದ್ರೆ ಪರ್ವಾಗಿಲ್ಲ, ರಾತ್ರಿ ಎರಡಕ್ಕೆ ಸ್ಕ್ರೀನ್ ಕೆಡೋದು ಕಮ್ಮಿ.

ಒಪ್ಪಿಗೆಯ ಷರತ್ತು ಬರೆಯುವಾಗ "ಯಾವ ದೋಷವೂ ಬಾಕಿ ಇರಬಾರ್ದು" ಅನ್ನೋ ಸಾಲಿಗೆ ಸಹಿ ಹಾಕ್ಬೇಡಿ, ಆ ದಿನ ಬರೋದೇ ಇಲ್ಲ. ಪಿ1 ಪಿ2 ಬಾಕಿ ಇರಬಾರ್ದು, ಪಿ3 ಪಿ4 ಪಟ್ಟಿ ಮಾಡಿ ಪ್ರತಿಯೊಂದರ ಮುಂದೆ ತಾತ್ಕಾಲಿಕ ದಾರಿ ಮತ್ತೆ ಸರಿ ಆಗೋ ದಿನಾಂಕ, ಮೂರು ಕಸರತ್ತು ಸಪೋರ್ಟಿನವರೇ ಮಾಡಿ ಮುಗಿಸಿರ್ಬೇಕು, ಯಾವ ಜಾಬೂ ವೈಯಕ್ತಿಕ ಅಕೌಂಟಲ್ಲಿ ಓಡ್ತಿರಬಾರ್ದು. ಇಷ್ಟು ಸಾಕು. 71ನೇ ದಿನ ಆ ಪಟ್ಟಿಗೆ ಇಬ್ಬರ ಸಹಿ ಬಿದ್ಮೇಲೆ ನಿಮ್ಮ ಡೆವಲಪರ್‌ಗಳ ಪ್ರೊಡಕ್ಷನ್ ಆಕ್ಸೆಸ್ ಬರೀ ಓದೋ ಮಟ್ಟಕ್ಕೆ ಇಳ್ಸಿ, ತಿದ್ದೋ ಅಧಿಕಾರ ಬೇಕಾದಾಗ ಸಪೋರ್ಟಿನವರು ಟಿಕೆಟ್ ನಂಬರ್ ಹಾಕಿ ಕೆಲವು ಗಂಟೆಗೆ ಕೊಡ್ಲಿ. 90ನೇ ದಿನ ಓದೋ ಆಕ್ಸೆಸ್ಸೂ ತೆಗೆಸಿ, ಆ ಬಾಲ ಸೇರಿಸಿದ ಜಾಬ್‌ಗಳಿಗೆ ಮಾತ್ರ ಒಬ್ಬರ ಐಡಿ ಉಳೀಲಿ. ಆಕ್ಸೆಸ್ ಇರೋವರೆಗೂ ಫೋನ್ ಬರ್ತಾನೇ ಇರತ್ತೆ, ಇಲ್ಲ ಅಂತಾದ್ಮೇಲೆ ಅವರೇ ರನ್‌ಬುಕ್ ತೆಗೀತಾರೆ.